ಐದು ದಿನದ ಚಾರಣಕ್ಕೆ ವಾಚ್: ಡಬ್ಬಿಯ ಮೇಲಿನ ಗಂಟೆಗಳನ್ನು ಎಷ್ಟು ನಂಬಬಹುದು?

ಹೊಸಹೆಜ್ಜೆ ಕೇಳಿದ್ದು: ಐದು ದಿನದ ಚಾರಣ, ದಿನಕ್ಕೆ ಎಂಟು ಗಂಟೆ ನಡಿಗೆ, ನಡುವೆ ಎಲ್ಲಿಯೂ ವಿದ್ಯುತ್ ಇಲ್ಲ. ದಾರಿ ತೋರಿಸುವ, ಪೆಟ್ಟು ತಡೆಯುವ ವಾಚ್ ಬೇಕು. ಗಾರ್ಮಿನ್‌ನ ಇನ್‌ಸ್ಟಿಂಕ್ಟ್ 2ಎಕ್ಸ್ ಸೋಲಾರ್ ಕೊಳ್ಳಲೇ, ಎರಡನೇ ತಲೆಮಾರಿನ ಎಪಿಕ್ಸ್ ಕೊಳ್ಳಲೇ? ಎಪಿಕ್ಸ್‌ನ ಪರದೆಗೆ ಮನಸೋತಿದ್ದೇನೆ. ಬಳಸಿದವರು ಹೇಳಿ.

ನಿಧಾನನಡಿಗೆ: ಮೊದಲು ಲೆಕ್ಕ ಹಾಕಿ, ಆಮೇಲೆ ಮನಸೋಲಿ. ಡಬ್ಬಿಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು, ಜಿಪಿಎಸ್ ಓಡುತ್ತಿರುವಾಗ ಎಷ್ಟು ಗಂಟೆ. ಇನ್ನೊಂದು, ಸುಮ್ಮನೆ ಕೈಯಲ್ಲಿದ್ದರೆ ಎಷ್ಟು ದಿನ. ಚಾರಣದಲ್ಲಿ ಎರಡೂ ಒಟ್ಟಿಗೆ ಖರ್ಚಾಗುತ್ತವೆ. ನಿಮ್ಮದು 40 ಗಂಟೆ ನಡಿಗೆ, ಉಳಿದ 80 ಗಂಟೆ ಡೇರೆಯಲ್ಲಿ.

ಎಪಿಕ್ಸ್‌ಗೆ ಕಂಪನಿ ಹೇಳುವುದು ಜಿಪಿಎಸ್‌ನಲ್ಲಿ 42 ಗಂಟೆ, ಸುಮ್ಮನಿದ್ದರೆ 16 ದಿನ. ನಿಮ್ಮ 40 ಗಂಟೆ ನಡಿಗೆಗೇ ಬ್ಯಾಟರಿಯ ಶೇ. 95 ಹೋಯಿತು. ರಾತ್ರಿಗಳಿಗೆ ಇನ್ನೊಂದು ಶೇ. 21. ಒಟ್ಟು ಶೇ. 116, ಅಂದರೆ ಐದನೆಯ ದಿನ ಕೈಯಲ್ಲಿರುವುದು ಬರೀ ಬಳೆ. ಅದೂ ಕೈ ಎತ್ತಿದಾಗ ಮಾತ್ರ ಪರದೆ ಬೆಳಗುವಂತೆ ಇಟ್ಟುಕೊಂಡರೆ. ಪರದೆ ಸದಾ ಉರಿಯಲಿ ಎಂದರೆ ಅವೇ ಅಂಕಿಗಳು 30 ಗಂಟೆ ಮತ್ತು 6 ದಿನಕ್ಕೆ ಇಳಿಯುತ್ತವೆ. ಆಗ ಬೇಕಾಗುವುದು ಹೆಚ್ಚುಕಡಿಮೆ ಎರಡು ಪೂರ್ತಿ ಚಾರ್ಜ್.

ಇನ್‌ಸ್ಟಿಂಕ್ಟ್ 2ಎಕ್ಸ್‌ಗೆ ಬಿಸಿಲಿನ ನೆರವಿಲ್ಲದೆ 60 ಗಂಟೆ, 40 ದಿನ. ನಡಿಗೆಗೆ ಶೇ. 67, ರಾತ್ರಿಗಳಿಗೆ ಶೇ. 8. ಒಟ್ಟು ಶೇ. 75. ದಾಟುತ್ತದೆ.

ಇದು ಸಾಧಾರಣ ಜಿಪಿಎಸ್‌ನ ಲೆಕ್ಕ ಎಂಬುದನ್ನು ಮರೆಯಬೇಡಿ. ಬಂಡೆಗೋಡೆಗಳ ನಡುವೆ ಸಂಕೇತ ಪ್ರತಿಫಲಿಸಿ ದಾರಿಯ ಗೆರೆ ಅಡ್ಡಾದಿಡ್ಡಿಯಾದಾಗ ಎರಡು ತರಂಗಾಂತರಗಳನ್ನೂ ಹಿಡಿಯುವ ಮೋಡ್ ನಿಜಕ್ಕೂ ಉಪಯುಕ್ತ. ಆದರೆ ಅದನ್ನು ಇಡೀ ದಿನ ಹಾಕಿಟ್ಟರೆ ಗಂಟೆಗಳು ಅರ್ಧದ ಆಸುಪಾಸಿಗೆ ಕುಸಿಯುತ್ತವೆ. ಕಣಿವೆಯೊಳಗೆ ಮಾತ್ರ ಹಾಕಿ. ಚಳಿಗೂ ಪಾಲು ಕೊಡಬೇಕು. ರಾತ್ರಿ ವಾಚ್ ಬಿಚ್ಚಿ ಡೇರೆಯ ಮೂಲೆಯಲ್ಲಿಡುವುದರ ಬದಲು ಕೈಯಲ್ಲೇ ಇಟ್ಟುಕೊಂಡು ಮಲಗಿ.

ಬಂಡೆಗಲ್ಲು: ಇಷ್ಟೆಲ್ಲ ಲೆಕ್ಕ ಯಾಕೆ? ಅಮೋಲೆಡ್ ಪರದೆ ಬಿಸಿಲಿನಲ್ಲಿ ಕಾಣುವುದೇ ಇಲ್ಲ, ಅಲ್ಲಿಗೆ ಎಪಿಕ್ಸ್ ಕಥೆ ಮುಗಿಯಿತು. ಇನ್‌ಸ್ಟಿಂಕ್ಟ್ ಅಮೆರಿಕದ ಸೈನ್ಯದ 810 ಮಾನದಂಡ ಪಾಸಾಗಿದೆ. ಅದನ್ನು ಒಡೆಯಲು ಸುತ್ತಿಗೆಯೇ ಬೇಕು.

ನಿಧಾನನಡಿಗೆ: ಎರಡರಲ್ಲೂ ಅರ್ಧ ಸತ್ಯವಿದೆ. ಹಳೆಯ ಅಮೋಲೆಡ್‌ಗಳು ಬಿಸಿಲಿಗೆ ಮಂಕಾಗುತ್ತಿದ್ದವು. ಈಗಿನವು ಹೊಳಪು ಹೆಚ್ಚಿಸಿಕೊಂಡು ಕಾಣಿಸುತ್ತವೆ, ಆ ಹೊಳಪಿಗೆ ಬ್ಯಾಟರಿಯಿಂದ ಬೆಲೆ ತೆರುತ್ತವೆ. ಇನ್‌ಸ್ಟಿಂಕ್ಟ್‌ನ ಎಂಐಪಿ ಪರದೆ ಬಿಸಿಲನ್ನೇ ಪ್ರತಿಫಲಿಸುತ್ತದೆ, ಹಾಗಾಗಿ ಬಿಸಿಲೇರಿದಷ್ಟೂ ಸ್ಪಷ್ಟ. ಮಬ್ಬುಗತ್ತಲಿನ ಕಾಡಿನಲ್ಲಿ ಅದು ಮಂಕು, ಗುಂಡಿ ಒತ್ತಿ ದೀಪ ಹಾಕಬೇಕು. ನನಗೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇದೆ. ಎರಡು ಕೈಯಲ್ಲೂ ಊರುಗೋಲು ಹಿಡಿದು ಏರುವಾಗ, ಸದಾ ಕಾಣುವ ಪರದೆಗೆ ಕಣ್ಣು ಹಾಯಿಸಿದರೆ ಸಾಕು. ಆರಿರುವ ಪರದೆಗೆ ಮಣಿಕಟ್ಟು ತಿರುಗಿಸಿ ನಮಸ್ಕಾರ ಹಾಕಬೇಕು.

ಇನ್ನು 810. ಅದು ಪರೀಕ್ಷೆಗಳ ಒಂದು ದೊಡ್ಡ ಕಟ್ಟು. ಯಾವ ಪರೀಕ್ಷೆ, ಎಷ್ಟು ಕಠಿಣ ಎಂಬುದನ್ನು ತಯಾರಕರೇ ಆರಿಸಿಕೊಳ್ಳಬಹುದು. ಸೈನ್ಯ ಕುಳಿತು ಮುದ್ರೆ ಒತ್ತುವುದಿಲ್ಲ. ಬಂಡೆ ಹತ್ತುವಾಗ ಗಾಜಿಗೆ ಗೀರು ಬೀಳಿಸುವುದು ಹೆಚ್ಚಾಗಿ ಕಲ್ಲಿನೊಳಗಿನ ಸ್ಫಟಿಕ ಶಿಲೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7, ಸಫೈರ್ ಗಾಜಿನದು 9. ಎಪಿಕ್ಸ್ ಕೊಳ್ಳುವುದೇ ಆದರೆ ಸಫೈರ್ ಆವೃತ್ತಿ ನೋಡಿ. ಇನ್‌ಸ್ಟಿಂಕ್ಟ್‌ನ ಪರದೆ ಅಂಚಿಗಿಂತ ತಗ್ಗಿನಲ್ಲಿದೆ, ಪೆಟ್ಟು ಮೊದಲು ಅಂಚಿಗೆ ಬೀಳುತ್ತದೆ. ನನ್ನದರ ಅಂಚು ಇಲಿ ಕಡಿದಂತಾಗಿದೆ, ಗಾಜು ಹಾಗೆಯೇ ಇದೆ.

ಮುಂಜಾನೆ ಮಂಜು: ನಿದ್ದೆಯ ಅಂಕ ಯಾವುದರಲ್ಲಿ ಚೆನ್ನಾಗಿ ಬರುತ್ತದೆ ಎಂದು ಯಾರೂ ಹೇಳಲೇ ಇಲ್ಲವಲ್ಲ? ನನಗೆ ದಿನವೂ 60ರ ಕೆಳಗೇ ಬರುತ್ತಿದೆ.

ಬಂಡೆಗಲ್ಲು: ಡೇರೆಯಲ್ಲಿ ಮಲಗಿದರೆ ಎಲ್ಲರಿಗೂ ಅಷ್ಟೇ ಬರುವುದು.

ಹಿಂದೆಉಳಿದವಳು: ನಾನು ನಕ್ಷೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದರಿಂದಲೇ ಪೆಟ್ಟು ತಿಂದವಳು. ನನ್ನ ಹಳೆಯ ವಾಚ್‌ನಲ್ಲಿ ನಕ್ಷೆ ಇರಲಿಲ್ಲ. ಇನ್‌ಸ್ಟಿಂಕ್ಟ್ 2ಎಕ್ಸ್‌ನಂತೆಯೇ ಅದರಲ್ಲೂ ಖಾಲಿ ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ನಾನು. ದಾರಿಯ ಗೆರೆಯಿರುವ ಜಿಪಿಎಕ್ಸ್ ಕಡತ ತುಂಬಿಸಿಕೊಂಡು ಹೊರಟಿದ್ದೆ. ಎರಡು ದಿನ ಯಾವ ತೊಂದರೆಯೂ ಇರಲಿಲ್ಲ. ಮೂರನೆಯ ದಿನ ಮಣ್ಣು ಜರಿದು ದಾರಿಯೇ ಇರಲಿಲ್ಲ. ಬಳಸಿಕೊಂಡು ಹೋಗೋಣವೆಂದು ಬಲಕ್ಕೆ ತಿರುಗಿದೆ. ವಾಚ್ ಪ್ರಾಮಾಣಿಕವಾಗಿ ಹೇಳಿತು: ಗೆರೆ ನಿನ್ನ ಎಡಕ್ಕೆ 180 ಮೀಟರ್. ಆ 180 ಮೀಟರ್ ನಡುವೆ ಆಳವಾದ ತೊರೆಯೊಂದಿದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಸಮೋನ್ನತಿ ರೇಖೆಗಳಿರುವ ನಕ್ಷೆಯಲ್ಲಾದರೆ ರೇಖೆಗಳು ಒತ್ತೊತ್ತಾಗಿರುವುದನ್ನು ಕಂಡು ಮೊದಲೇ ಎಡಕ್ಕೆ ಹೋಗುತ್ತಿದ್ದೆ. ಎರಡೂವರೆ ಗಂಟೆ ಹಾಳಾಯಿತು, ಮಂಡಿಯೂ ತರಚಿತು.

ದಾರಿ ಸರಿಯಿದ್ದರೆ ಗೆರೆ ಸಾಕು. ದಾರಿ ತಪ್ಪಿದಾಗ ನಕ್ಷೆ ಬೇಕು. ಎಪಿಕ್ಸ್‌ನಲ್ಲಿ ನಕ್ಷೆ ಇದೆ, ಮೊಬೈಲ್ ಸಂಕೇತವಿಲ್ಲದೆಯೂ ತೆರೆಯುತ್ತದೆ. ಹೊರಡುವ ಮೊದಲೇ ಆ ಪ್ರದೇಶದ ನಕ್ಷೆ ಇಳಿದಿದೆಯೇ ಎಂದು ಹಿಗ್ಗಿಸಿ ನೋಡಿಕೊಳ್ಳಿ.

ನಿಧಾನನಡಿಗೆ: ಒಪ್ಪಿದೆ, ಆದರೆ ಆ ಅಂಗೈಗಿಂತ ಸಣ್ಣ ಪರದೆಯಲ್ಲಿ ಕಣಿವೆ ಅರ್ಥ ಮಾಡಿಕೊಳ್ಳುವುದಕ್ಕಿಂತ ಮೊಬೈಲ್‌ನಲ್ಲಿ ಇಳಿಸಿಕೊಂಡ ನಕ್ಷೆ ನೋಡುವುದು ನನಗೆ ಸುಲಭ. ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿ ಚೀಲದೊಳಗಿಟ್ಟು, ಅನುಮಾನ ಬಂದಾಗ ಮಾತ್ರ ತೆಗೆಯುತ್ತೇನೆ. ಕೈಯಲ್ಲಿ ಗೆರೆ ಇದ್ದರೆ ನನಗೆ ಸಾಕು.

ಹಿಂದೆಉಳಿದವಳು: ಜಡಿಮಳೆಯಲ್ಲಿ ಒದ್ದೆ ಬೆರಳಿನಿಂದ ಮೊಬೈಲ್ ಬಳಸಿ ನೋಡಿ, ಆಮೇಲೆ ಮಾತಾಡೋಣ. ಎಪಿಕ್ಸ್‌ಗೂ ಸ್ಪರ್ಶಪರದೆಯೇ, ಆದರೆ ಅದನ್ನು ಆರಿಸಿ ಐದು ಗುಂಡಿಗಳಲ್ಲೇ ಎಲ್ಲ ಮಾಡಬಹುದು. ಮಳೆಹನಿ ಬಿದ್ದು ಪರದೆ ತಾನೇ ತಾನಾಗಿ ಸರಿದಾಡಿದರೆ ಸ್ಪರ್ಶ ಆರಿಸುವ ಹೊತ್ತಾಯಿತೆಂದು ತಿಳಿಯಿರಿ.

ಎತ್ತರದ ಲೆಕ್ಕ: ಒಂದು ಸಣ್ಣ ಮಾತು. ನನ್ನ ಡೇರೆ ಒಂದೇ ರಾತ್ರಿಯಲ್ಲಿ 50 ಮೀಟರ್ ಮೇಲೇರಿತ್ತು. ವಾಚ್ ಕೆಟ್ಟಿತೆಂದು ಬೈದುಕೊಂಡೆ. ವಾಚ್ ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಸಮುದ್ರಮಟ್ಟದ ಬಳಿ ಒಂದು ಹೆಕ್ಟೋಪ್ಯಾಸ್ಕಲ್ ಇಳಿದರೆ ಸುಮಾರು 8 ಮೀಟರ್ ಏರಿದಂತೆ. ಬೆಳಗಾಗುವಷ್ಟರಲ್ಲಿ ಬಿರುಗಾಳಿ ಬಂತು. ಈಗ ಮಲಗುವಾಗಿನ ಎತ್ತರ ಬರೆದಿಟ್ಟುಕೊಳ್ಳುತ್ತೇನೆ, ಗೊತ್ತಿರುವ ಎತ್ತರದ ಕಡೆ ಸರಿಪಡಿಸಿಕೊಳ್ಳುತ್ತೇನೆ. ನೀವು ಕೇಳಿದ ಎರಡರಲ್ಲೂ ಇದು ಇದೆ, ಆಯ್ಕೆಗೆ ನೆರವಾಗುವುದಿಲ್ಲ. ಕ್ಷಮಿಸಿ.

ಹೊಸಹೆಜ್ಜೆ: ಎಲ್ಲರಿಗೂ ವಂದನೆ. ಸೋಲಾರ್ ಇದ್ದರೆ 145 ಗಂಟೆ ಎಂದು ಬರೆದಿದ್ದಾರಲ್ಲ, ಅದನ್ನು ಲೆಕ್ಕಕ್ಕೆ ಏಕೆ ಹಿಡಿಯಲಿಲ್ಲ?

ನಿಧಾನನಡಿಗೆ: ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 50,000 ಲಕ್ಸ್ ಬೆಳಕು ಎಂದೂ ಇದೆ. ಅಷ್ಟು ಬೆಳಕು ಪರದೆಯ ಮೇಲೆ ಬೀಳುತ್ತಲೇ ಇರಬೇಕು. ಮರದ ನೆರಳು, ಮೋಡ, ಜಾಕೆಟ್ಟಿನ ತೋಳು ಯಾವುದೂ ಅಡ್ಡ ಬರಬಾರದು. ಬೋಳು ಬೆಟ್ಟದಲ್ಲಿ ಅರ್ಧ ತೋಳಿನ ಅಂಗಿಯವರಿಗೆ ಲಾಭ. ನಾನು ಅದನ್ನು ಸೊನ್ನೆ ಎಂದು ಹಿಡಿಯುತ್ತೇನೆ.

ಎಪಿಕ್ಸ್ ಬಿಡಲು ಮನಸ್ಸಿಲ್ಲದಿದ್ದರೆ ದಾರಿ ಇದೆ. ವಾಚ್‌ನ ಬ್ಯಾಟರಿ ಮೊಬೈಲಿನದಕ್ಕೆ ಹೋಲಿಸಿದರೆ ತೀರಾ ಚಿಕ್ಕದು, ಸಣ್ಣ ಪವರ್ ಬ್ಯಾಂಕ್ ಸಾಕು. ಮೂರನೆಯ ಸಂಜೆ ಅಡುಗೆಯ ಹೊತ್ತಿಗೆ ಒಮ್ಮೆ ಸಿಕ್ಕಿಸಿ. ಅದರ ಕೇಬಲ್ ಕಂಪನಿಯದೇ ವಿಶೇಷ ಬಗೆಯದು, ಜೊತೆಗಾರರ ಬಳಿ ಸಿಗುವುದಿಲ್ಲ, ಮರೆಯಬೇಡಿ. ಹಿಂಬದಿಯ ಲೋಹದ ಚುಕ್ಕೆಗಳ ಮೇಲಿನ ಬೆವರು, ಮಣ್ಣು ಒರೆಸಿ ಒಣಗಿಸಿಯೇ ಸಿಕ್ಕಿಸಬೇಕು. ಸಿಕ್ಕಿಸಿದ ಮೇಲೆ ಶೇಕಡಾವಾರು ಏರುತ್ತಿದೆಯೇ ನೋಡಿಕೊಳ್ಳಿ. ಒಮ್ಮೆ ರಾತ್ರಿಯಿಡೀ ಸಿಕ್ಕಿಸಿಟ್ಟು ಬೆಳಿಗ್ಗೆ ನೋಡಿದರೆ ಇದ್ದಲ್ಲೇ ಇತ್ತು.

ಹೊಸಹೆಜ್ಜೆ: ನನ್ನದು ಬಹುಪಾಲು ಕಾಡುದಾರಿ, ಕೊನೆಯ ದಿನ ಮಾತ್ರ ಬೋಳು ಏರು. ಜೊತೆಯಲ್ಲಿ ಬರುವವರ ಬಳಿ ನಕ್ಷೆ ಇರುವ ವಾಚ್ ಇದೆಯೇ ಎಂದು ಮೊದಲು ಕೇಳುತ್ತೇನೆ. ಇದ್ದರೆ ಇನ್‌ಸ್ಟಿಂಕ್ಟ್.

ಹಿಂದೆಉಳಿದವಳು: ಅವರು ನಿಮಗಿಂತ ಮುಂದೆ ಹೋಗಿಬಿಟ್ಟರೆ?