ಫ್ಲೈವೀಲ್ ವೇಗವನ್ನು ‘ಒಂದೇ ಸಮ ಇಡುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಶಿವಮೊಗ್ಗದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಗೋಡೆಗೆ ಅಂಟಿಸಲು ಪವರ್ ಪ್ರೆಸ್ ಬಗ್ಗೆ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಅಡಿಕೆ ಸುಲಿಯುವ ಯಂತ್ರದ ಚೌಕಟ್ಟಿಗೆ ಬೇಕಾದ ಕಬ್ಬಿಣದ ಪಟ್ಟಿಗಳಿಗೆ ಅಲ್ಲಿ ತೂತು ಹೊಡೆಯುತ್ತಾರೆ. ಮೋಟರ್ ಬರೀ 1 ಎಚ್‌ಪಿಯದ್ದು. ಪಕ್ಕದಲ್ಲಿ ದೊಡ್ಡ ಚಕ್ರ ತಿರುಗುತ್ತಿರುತ್ತದೆ.

ನಾನು ಬರೆದ ಸಾಲು ಇದು: “ಫ್ಲೈವೀಲ್ ಯಂತ್ರದ ವೇಗವನ್ನು ಒಂದೇ ಸಮ ಇಡುತ್ತದೆ.” ಫೋರ್‌ಮನ್ ಓದಿ ನಕ್ಕುಬಿಟ್ಟರು. “ಸಾರ್, ಒಂದೇ ಸಮ ಇದ್ರೆ ತೂತೇ ಬೀಳಲ್ಲ. ವೀಲು ಸ್ವಲ್ಪ ಸೋಲ್ಬೇಕು, ಆಮೇಲೆ ಚೇತರಿಸ್ಕೋಬೇಕು” ಅಂದರು. ಈಗ ಆ ಸಾಲನ್ನು ಹೇಗೆ ತಿದ್ದಲಿ?

ಇನ್ನೊಂದು, ‘ಸ್ಟ್ರೋಕ್’. ರಾಮ್ ಮೇಲಿಂದ ಕೆಳಗೆ ಬರುವ 60 ಮಿ.ಮೀ. ದೂರಕ್ಕೂ ಅದೇ ಹೆಸರು, ನಿಮಿಷಕ್ಕೆ 30 ಸಲ ಹೊಡೆಯುತ್ತದಲ್ಲ, ಅದಕ್ಕೂ ಅದೇ ಹೆಸರು. “ಸ್ಟ್ರೋಕ್ ಕಮ್ಮಿ ಮಾಡು” ಅಂದಾಗ ಹೊಸ ಹುಡುಗ ಏನು ಮಾಡಬೇಕು?

ತೀರ್ಥಹಳ್ಳಿಯಿಂದ

ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ನಿಮ್ಮ ಸಾಲಿನಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ತೋಟದ ಡೀಸೆಲ್ ಪಂಪ್‌ಸೆಟ್ಟಿನ ಚಕ್ರ ಮಾಡುವ ಕೆಲಸವೇ ಅದು, ಎಂಜಿನ್ ಕುಕ್ಕದ ಹಾಗೆ ನೋಡಿಕೊಳ್ಳುವುದು. ‘ಗತಿ ಕಾಯುವ ಚಕ್ರ’ ಅನ್ನಿ. ಮೋಟರ್‌ಗೆ ಕಸುವು ಸಾಲದಾಗ ಚಕ್ರ ಶಕ್ತಿಯನ್ನು ಹೆಚ್ಚಿಸಿ ಕೊಡುತ್ತದೆ ಅಂತಲೂ ಒಂದು ಮಾತು ಸೇರಿಸಿ.

ಸ್ಟ್ರೋಕ್‌ಗೆ ‘ಪೆಟ್ಟು’ ಸಾಕು.

ಹೊಸನಗರದಿಂದ

ಒಳ್ಳೆ ಸಮಯಕ್ಕೆ ಕೇಳಿದಿರಿ ಮಾರಾಯ್ರೇ. ನಮ್ಮದು ಹಾಳೆತಟ್ಟೆ ಮಾಡುವ ಯಂತ್ರ. ನಮ್ಮದಕ್ಕೆ ಚಕ್ರವೇ ಇಲ್ಲ! ಮಾರಿದವರು ಮೋಸ ಮಾಡಿದರೋ ಏನೋ. ಒಂದು ಫ್ಲೈವೀಲ್ ಕೂರಿಸಿದರೆ ಕರೆಂಟ್ ಬಿಲ್ ಇಳಿಯುತ್ತದಾ?

ಭದ್ರಾವತಿಯಿಂದ

ಮೊದಲು ಹೊಸನಗರದವರಿಗೆ. ನಿಮ್ಮದು ಎಣ್ಣೆಯ ಒತ್ತಡದಲ್ಲಿ ಇಳಿಯುವ ಪ್ರೆಸ್ ಆಗಿದ್ದರೆ ಯಾರೂ ಮೋಸ ಮಾಡಿಲ್ಲ. ಬಿಸಿ ಅಚ್ಚು ಹಾಳೆಯನ್ನು ಒತ್ತಿಕೊಂಡೇ ಇರಬೇಕು. ಅಲ್ಲಿ ಫಟ್ ಅಂತ ಕತ್ತರಿಸುವ ಕ್ಷಣವಿಲ್ಲ, ಚಕ್ರಕ್ಕೆ ಕೆಲಸವೂ ಇಲ್ಲ. ನಿಮ್ಮ ಕರೆಂಟ್ ಬಹುಪಾಲು ಹೋಗುವುದು ಅಚ್ಚು ಕಾಯಿಸಲಿಕ್ಕೆ.

ಇನ್ನು ಪ್ರೆಸ್ಸಿನ ವಿಷಯ. ಫೋರ್‌ಮನ್ ಹೇಳಿದ್ದೇ ಸರಿ. ಲೆಕ್ಕ ಹಾಕಿದರೆ ಪದವೂ ತಾನಾಗಿ ಸಿಗುತ್ತದೆ.

6 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿಗೆ 20 ಮಿ.ಮೀ. ತೂತು ಅಂದುಕೊಳ್ಳಿ. ಪಂಚ್ ಕತ್ತರಿಸುವುದು ತೂತಿನ ಒಳಗೋಡೆಯನ್ನು. ಸುತ್ತಳತೆಯನ್ನು ದಪ್ಪದಿಂದ ಗುಣಿಸಿದರೆ ಸುಮಾರು 377 ಚದರ ಮಿ.ಮೀ. ಚದರ ಮಿ.ಮೀ.ಗೆ 350 ನ್ಯೂಟನ್ ಹಿಡಿದರೆ ಬೇಕಾದ ಬಲ 1,32,000 ನ್ಯೂಟನ್, ಅಂದರೆ ಹದಿಮೂರೂವರೆ ಟನ್ನಿನ ಭಾರ. ಆದರೆ ಈ ಬಲ ಆರೂ ಮಿ.ಮೀ. ಉದ್ದಕ್ಕೆ ಇರುವುದಿಲ್ಲ. ಏರುತ್ತದೆ, ಲೋಹ ಹರಿದ ಕೂಡಲೇ ಬೀಳುತ್ತದೆ. ಅದಕ್ಕೇ ಅರ್ಧ ಹಿಡಿಯುವ ರೂಢಿ:

```
½ × 132000 N × 0.006 m ≈ 400 J
```

ಒಂದು ತೂತಿಗೆ 400 ಜೌಲ್. ನಿಮಿಷಕ್ಕೆ 30 ಸಲ ಅಂದರೆ ಎರಡು ಸೆಕೆಂಡಿಗೆ ಒಂದು. ಹಂಚಿದರೆ ಸೆಕೆಂಡಿಗೆ 200 ಜೌಲ್, ಅಂದರೆ 200 ವ್ಯಾಟ್. 1 ಎಚ್‌ಪಿ 746 ವ್ಯಾಟ್. ಘರ್ಷಣೆಗೆ ಹೋದರೂ ಮಿಗುತ್ತದೆ. ಆದರೆ ಪಂಚ್ ಪಟ್ಟಿಯೊಳಗೆ ಇರುವುದೇ 0.2 ಸೆಕೆಂಡ್. 60 ಮಿ.ಮೀ. ಇಳಿತದಲ್ಲಿ ಕೊನೆಯ 6 ಮಿ.ಮೀ.ಗೆ ಕ್ರ್ಯಾಂಕ್ ಸುಮಾರು 37 ಡಿಗ್ರಿ ತಿರುಗುತ್ತದೆ, ಅದರಿಂದ ಬಂತು ಈ ಹೊತ್ತು. ಆ ಹೊತ್ತಿನಲ್ಲಿ ನೇರವಾಗಿ ಮೋಟರೇ 400 ಜೌಲ್ ಕೊಡಬೇಕಾದರೆ ಸರಾಸರಿಯೇ 2000 ವ್ಯಾಟ್.

ಮೋಟರ್ 200 ವ್ಯಾಟಿನ ಹದದಲ್ಲೇ ಎಳೆಯುತ್ತಿದ್ದರೆ ಆ 0.2 ಸೆಕೆಂಡಿನಲ್ಲಿ ಕೊಡುವುದು 40 ಜೌಲ್. ಉಳಿದ 360 ಚಕ್ರದಿಂದ ಬರಬೇಕು. ಮಾಸ್ತರರೇ, ಇಲ್ಲಿ ನಿಮ್ಮ ‘ಹೆಚ್ಚಿಸಿ’ ಕೂರುವುದಿಲ್ಲ. ಚಕ್ರ ಒಂದು ಜೌಲನ್ನೂ ಹುಟ್ಟಿಸುವುದಿಲ್ಲ. ಉಳಿದ 1.8 ಸೆಕೆಂಡಿನಲ್ಲಿ ಮೋಟರ್ ಕೊಟ್ಟದ್ದನ್ನೇ ಇಟ್ಟುಕೊಂಡು ವಾಪಸ್ ಕೊಡುತ್ತದೆ, ಅಷ್ಟೇ. ಕೊಡಬೇಕಾದರೆ ವೇಗ ಇಳಿಯಲೇಬೇಕು.

ಎಷ್ಟು ಇಳಿಯಬೇಕು? ಚಕ್ರ ನಿಮಿಷಕ್ಕೆ 300 ಸುತ್ತು ತಿರುಗುತ್ತಿದೆ, 270ಕ್ಕೆ ಇಳಿಯಲು ಬಿಡುತ್ತೇವೆ ಅನ್ನಿ. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಇರುವುದರಿಂದ ವೇಗ 10% ಇಳಿದರೆ ಶಕ್ತಿ 19% ಹೊರಬರುತ್ತದೆ. ಆ 19% ಅನ್ನುವುದು 360 ಆಗಬೇಕಾದರೆ ಒಟ್ಟು ಸುಮಾರು 1900 ಜೌಲ್ ತುಂಬಿರಬೇಕು. ತೂಕವೆಲ್ಲ ಅಂಚಿನಲ್ಲಿ, ನಡುವಿನಿಂದ 30 ಸೆಂ.ಮೀ. ದೂರದಲ್ಲಿದ್ದರೆ, 43 ಕಿಲೋ ಸಾಕು.

ಡೀಸೆಲ್ ಎಂಜಿನ್ನಿಗೆ ಮಾಸ್ತರರ ಮಾತು ಸರಿಯೇ. ಅಲ್ಲಿ ಇಳಿತ ತೀರಾ ಸಣ್ಣದಿರಲಿ ಅಂತಲೇ ಚಕ್ರ ಹಾಕುತ್ತಾರೆ. ಪ್ರೆಸ್ಸಿನಲ್ಲಿ ಒಂದೇ ಸಮ ಆಗುವುದು ವೇಗವಲ್ಲ, ಮೋಟರಿನ ಮೇಲಿನ ಹೊರೆ. ನನ್ನ ಸಾಲು ಹೀಗೆ: “ಫ್ಲೈವೀಲ್ ತಾನು ಸೋತು, ಮೋಟರಿನ ಹೊರೆಯನ್ನು ಹದವಾಗಿಡುತ್ತದೆ.” ‘ಸೋಲು’ ಬಿಡಬೇಡಿ. ಅದು ಅಂಗಡಿಯ ಮಾತು, ಚೆನ್ನಾಗಿದೆ.

ಸಾಗರದಿಂದ

ನಮ್ಮ ಕಡೆ ಕುಂಬಾರರು ತಿಗರಿಯನ್ನು ಕೋಲಿನಿಂದ ಜೋರಾಗಿ ತಿರುಗಿಸಿ, ಕೋಲು ಬದಿಗಿಟ್ಟು, ಆಮೇಲೆ ಮಣ್ಣಿಗೆ ಕೈ ಹಚ್ಚುತ್ತಿದ್ದರು. ಒತ್ತಿದಷ್ಟೂ ತಿಗರಿ ನಿಧಾನ ಆಗುತ್ತಿತ್ತು. ಮತ್ತೆ ಕೋಲು. ಇದೂ ಅದೇ ಅಲ್ವಾ? ಫ್ಲೈವೀಲ್‌ಗೆ ‘ತಿಗರಿ’ ಅಂದರೆ ಆಯಿತಪ್ಪ.

ಶಿವಮೊಗ್ಗದಿಂದ, ಕೇಳಿದವನೇ

ತಿಗರಿ ಮಾತು ಇಷ್ಟವಾಯಿತು. ಆದರೆ ವರ್ಕ್‌ಶಾಪಿನಲ್ಲಿ ತಿಗರಿ ಅಂದರೆ ಯಾರೂ ಆ ಚಕ್ರದ ಕಡೆ ತಿರುಗಿ ನೋಡುವುದಿಲ್ಲ. ‘ಫ್ಲೈವೀಲ್’ ಹಾಗೇ ಇಡುತ್ತೇನೆ. ಎಣಿಸುವಾಗ ‘ಪೆಟ್ಟು’, ದೂರಕ್ಕೆ ‘ಇಳಿತ’ ಅಂತ ಬರೆದೆ. ಫೋರ್‌ಮನ್ ಮೊದಲನೆಯದಕ್ಕೆ ತಲೆ ಆಡಿಸಿದರು, ಎರಡನೆಯದಕ್ಕೆ ಸುಮ್ನೆ ಇದ್ದರು.

ಲೆಕ್ಕ ಓದಿದ ಮೇಲೆ ಹಳೆಯದೊಂದು ಘಟನೆ ಅರ್ಥವಾಯಿತು. ಒಮ್ಮೆ ಇದೇ ಪ್ರೆಸ್ಸಿಗೆ 8 ಮಿ.ಮೀ. ಪಟ್ಟಿ ಕೊಟ್ಟಿದ್ದರು, ಎರಡೇ ಮಿ.ಮೀ. ಜಾಸ್ತಿ ಅಂತ. ಮೊದಲ ತೂತು ಬಿತ್ತು. ಎರಡನೆಯದಕ್ಕೆ ಚಕ್ರ ಉಸಿರು ಕಟ್ಟಿದ ಹಾಗೆ ನಿಧಾನವಾಯಿತು. ಐದಾರು ಆಗುವಷ್ಟರಲ್ಲಿ ಬೆಲ್ಟ್ ಕಿರುಚಿ ರಬ್ಬರ್ ಸುಟ್ಟ ವಾಸನೆ ಬಂತು, ಮೋಟರ್ ಟ್ರಿಪ್ ಆಯಿತು. ದಪ್ಪ ಹೆಚ್ಚಿದರೆ ಬಲವೂ ಹೆಚ್ಚುತ್ತದೆ, ಅದು ಸಾಗುವ ದೂರವೂ ಹೆಚ್ಚುತ್ತದೆ. ಹಾಗಾಗಿ 400 ಜೌಲ್ ಇದ್ದದ್ದು ಸುಮಾರು 700 ಆಗುತ್ತದೆ. ಟನ್ನಿನ ಲೆಕ್ಕದಲ್ಲಿ ಪ್ರೆಸ್ ತಡೆಯುತ್ತಿತ್ತು, ಚಕ್ರ ತಡೆಯಲಿಲ್ಲ. ಈ ಎರಡು ಮಿತಿಯೂ ಹಾಳೆಯಲ್ಲಿ ಬೇರೆ ಬೇರೆ ಬರಬೇಕು.

ಭದ್ರಾವತಿಯಿಂದ

ಸರಿ. ಹೊಡೆತದ ನಡುವೆ ಕಾದು, ಚಕ್ರ ಪೂರ್ತಿ ವೇಗಕ್ಕೆ ಬಂದಮೇಲೆ ಪೆಡಲ್ ಒತ್ತಿದ್ದರೆ ಬೆಲ್ಟ್ ಅಷ್ಟು ಬೇಗ ಸುಡುತ್ತಿರಲಿಲ್ಲ. ಆದರೂ ಒಂದೊಂದು ಪೆಟ್ಟಿಗೂ ವೇಗ ಹತ್ತೊಂಬತ್ತು-ಇಪ್ಪತ್ತು ಪರ್ಸೆಂಟ್ ಬೀಳುತ್ತಿತ್ತು. ಸಾಮಾನ್ಯ ಮೋಟರ್ ಅಷ್ಟು ಸೋಲಲು ಒಪ್ಪುವುದಿಲ್ಲ, ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ಅದಕ್ಕೇ ಪ್ರೆಸ್ಸಿಗೆ ಸ್ಲಿಪ್ ಜಾಸ್ತಿ ಇರುವ ಮೋಟರ್ ಹಾಕುವುದು.

ಶಿವಮೊಗ್ಗದಿಂದ

ಅಲ್ಲೇ ಇನ್ನೊಂದು ತೊಡಕು. ಬೆಲ್ಟ್ ಸ್ಲಿಪ್ ಆಗಬಾರದು ಅಂತ ಹಾಳೆಯಲ್ಲಿ ಆಗಲೇ ‘ಜಾರಿಕೆ’ ಬರೆದಿದ್ದೇನೆ. ಮೋಟರಿಗೆ ಸ್ಲಿಪ್ ಬೇಕು ಅನ್ನುವಾಗಲೂ ಅದನ್ನೇ ಬರೆದರೆ, ಒಂದು ಸಾಲಿನಲ್ಲಿ ಬೇಡ, ಮುಂದಿನ ಸಾಲಿನಲ್ಲಿ ಬೇಕು. ಮೋಟರಿನದ್ದಕ್ಕೆ ಬೇರೆ ಮಾತು ಯಾರಿಗಾದರೂ ಹೊಳೆಯುತ್ತದಾ? ಶನಿವಾರ ಹಾಳೆ ಅಂಟಿಸಬೇಕು.