ಗ್ಲಾಸ್-ಎಪಾಕ್ಸಿ ಪಟ್ಟಿ: ನಾರಿನ ಉದ್ದಕ್ಕೆ ಲೆಕ್ಕ ತಪ್ಪುತ್ತಿದೆ, ಅಡ್ಡಕ್ಕೆ ಹತ್ತಿರ ಬರುತ್ತಿದೆ. ಯಾಕೆ?

ಪಟ್ಟಿಗಾರ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಲೆಕ್ಕಕ್ಕೆ ಅಂಟಿಕೊಂಡು ಕೂತಿದ್ದೇನೆ, ಯಾರಾದರೂ ನೋಡಿ ಹೇಳಿ.

ಒಂದೇ ದಿಕ್ಕಿಗೆ ನಾರು ಇರುವ ಗ್ಲಾಸ್ ಬಟ್ಟೆ, ಚದರ ಮೀಟರ್‌ಗೆ 300 ಗ್ರಾಂನದ್ದು. 20 × 30 ಸೆಂ.ಮೀ. ತುಂಡುಗಳನ್ನು ಏಳು ಪದರ ಹಾಕಿ, ಕೈಯಲ್ಲೇ ಎಪಾಕ್ಸಿ ಬಳಿದು, ಮೇಲೆ ಭಾರ ಇಟ್ಟು ಒಣಗಿಸಿದೆ. ಅಂಚಿಗೆ ಸೋರಿದ ರೆಸಿನ್ ಕತ್ತರಿಸಿ ತೂಗಿದರೆ ಹಾಳೆ 210 ಗ್ರಾಂ. ಬಟ್ಟೆ ಮೊದಲೇ ತೂಗಿದ್ದೆ, 126 ಗ್ರಾಂ. ಅಂದರೆ ನಾರು ಶೇಕಡಾ 60.

ಬಿಗಿತ ಗ್ಲಾಸ್‌ಗೆ 72 ಗಿಗಾಪಾಸ್ಕಲ್, ಎಪಾಕ್ಸಿಗೆ 3.2 ಅಂತ ಇಟ್ಟುಕೊಂಡು ಮಿಶ್ರಣ ನಿಯಮ ಹಾಕಿದೆ. E1 ನಾರಿನ ಉದ್ದಕ್ಕೆ, E2 ಅಡ್ಡಕ್ಕೆ.

```
E1 = 0.6*72 + 0.4*3.2 = 44.5 GPa
1/E2 = 0.6/72 + 0.4/3.2  →  E2 = 7.5 GPa
```

ಆಮೇಲೆ ಹಾಳೆಯಿಂದ 15 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿದೆ, ಒಂದು ನಾರಿನ ಉದ್ದಕ್ಕೆ, ಒಂದು ಅಡ್ಡಕ್ಕೆ. ದಪ್ಪ 2 ಮಿ.ಮೀ. 120 ಮಿ.ಮೀ. ಅಂತರದಲ್ಲಿ ಎರಡು ಸರಳಿನ ಮೇಲೆ ಇಟ್ಟು ನಡುವೆ ತೂಕ ನೇತು ಹಾಕಿದೆ. ಉದ್ದದ ಪಟ್ಟಿ 1 ಕೆ.ಜಿ.ಗೆ 1.2 ಮಿ.ಮೀ. ಬಾಗಿತು. ಅಡ್ಡದ್ದು 200 ಗ್ರಾಂಗೆ 0.87 ಮಿ.ಮೀ. ಲೆಕ್ಕ ಹಾಕಿದರೆ ಉದ್ದಕ್ಕೆ 29.4, ಅಡ್ಡಕ್ಕೆ 8.1 ಗಿಗಾಪಾಸ್ಕಲ್.

ಅಡ್ಡಕ್ಕೆ ಪರವಾಗಿಲ್ಲ, ಹತ್ತಿರ ಇದೆ. ಆದರೆ ಉದ್ದಕ್ಕೆ ಮೂರರಲ್ಲಿ ಒಂದು ಪಾಲು ಎಲ್ಲಿ ಹೋಯಿತು? ಎಲ್ಲರೂ ಉದ್ದದ ಸೂತ್ರ ಚೆನ್ನಾಗಿ ಹೊಂದುತ್ತೆ, ಅಡ್ಡದ್ದೇ ಕೈಕೊಡೋದು ಅಂತಾರೆ. ನನಗೆ ಉಲ್ಟಾ ಆಗಿದೆ.

ರೆಸಿನ್_ಡಬ್ಬ

ಕೈಯಲ್ಲಿ ಬಳಿದಿದ್ದೀರಿ ಅಂದರೆ ಗಾಳಿಗುಳ್ಳೆ ಇದ್ದೇ ಇರುತ್ತೆ. ನಾನಂತೂ ಯಾವಾಗಲೂ ಸೂತ್ರದಿಂದ ಬಂದ ಸಂಖ್ಯೆಗೆ 0.7 ಗುಣಿಸಿಬಿಡುತ್ತೇನೆ. ನಿಮ್ಮದಕ್ಕೂ ಹಾಕಿ ನೋಡಿ: 44.5 ಗುಣಿಸು 0.7 ಅಂದರೆ 31. ಬಂತಲ್ಲ! ವ್ಯಾಕ್ಯೂಮ್ ಬ್ಯಾಗ್ ಬಳಸಿದರೆ ಸರಿಹೋಗುತ್ತೆ.

ಅಳತೆಗೋಲು

ಡಬ್ಬ ಅವರೇ, ಗುಳ್ಳೆ ಇರಬಹುದು, ಇಲ್ಲ ಅನ್ನಲ್ಲ. ಆದರೆ ಗುಳ್ಳೆ ಮೊದಲು ಕೆಡಿಸುವುದು ರೆಸಿನ್ನನ್ನು, ಅಂದರೆ ಅಡ್ಡ ದಿಕ್ಕನ್ನು. ಉದ್ದಕ್ಕೆ ಭಾರ ಹೊರುವುದು ಹೆಚ್ಚುಕಮ್ಮಿ ಪೂರ್ತಿ ನಾರೇ. ಗುಳ್ಳೆಯಿಂದ ಉದ್ದಕ್ಕೆ ಮೂರನೇ ಒಂದು ಪಾಲು ಬಿದ್ದು, ಅಡ್ಡಕ್ಕೆ ಏನೂ ಆಗದೆ ಉಳಿಯೋದು ಸಾಧ್ಯವೇ ಇಲ್ಲ. ನಿಮ್ಮ 0.7 ಇಲ್ಲಿ ಯಾಕೆ ಹೊಂದಿತು ಅಂತ ಈಗ ಗೊತ್ತಾಗುತ್ತೆ.

ಪಟ್ಟಿಗಾರರೇ, ನಿಮ್ಮ 60 ತೂಕದ ಪಾಲು. ಸೂತ್ರಕ್ಕೆ ಬೇಕಾದದ್ದು ಗಾತ್ರದ ಪಾಲು. ಗ್ಲಾಸ್ ಭಾರ, ಘನ ಸೆಂ.ಮೀ.ಗೆ 2.55 ಗ್ರಾಂ. ಎಪಾಕ್ಸಿ ಸುಮಾರು 1.15. ಹಾಗಾಗಿ ನಿಮ್ಮ 126 ಗ್ರಾಂ ಗ್ಲಾಸ್ ತುಂಬುವ ಜಾಗ 49.4 ಘನ ಸೆಂ.ಮೀ. ಅಷ್ಟೆ, 84 ಗ್ರಾಂ ರೆಸಿನ್ ತುಂಬುವುದು 73. ಒಟ್ಟು 122.4ರಲ್ಲಿ ನಾರು 49.4, ಅಂದರೆ 0.40. ಈಗ ಮತ್ತೆ ಹಾಕಿ.

```
Vf = (126/2.55) / (126/2.55 + 84/1.15) = 0.40
E1 = 0.40*72 + 0.60*3.2 ≈ 31 GPa
```

ಉದ್ದದ ದಿಕ್ಕಿನ ನಿಮ್ಮ ದೊಡ್ಡ ಕೊರತೆ ಇಲ್ಲಿಗೆ ಮುಗಿಯಿತು. ಗ್ಲಾಸ್-ಎಪಾಕ್ಸಿಗೆ ಈ ತೂಕದಲ್ಲಿ ಎರಡು ಪಾಲಿನ ಅನುಪಾತವೇ ಸುಮಾರು 0.67. ಡಬ್ಬ ಅವರ 0.7 ಬಂದದ್ದು ಗುಳ್ಳೆಯಿಂದಲ್ಲ, ಇಲ್ಲಿಂದ. ಕಾರ್ಬನ್‌ಗೆ ಅದೇ 0.7 ಹಾಕಿದರೆ ಏಟು ತಿಂತೀರಿ, ಯಾಕಂದ್ರೆ ಕಾರ್ಬನ್ ಗ್ಲಾಸ್‌ನಷ್ಟು ಭಾರ ಇಲ್ಲ.

ಪಟ್ಟಿಗಾರ

ಅಯ್ಯೋ, ಇದು ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಆದರೆ 0.40 ಹಾಕಿದರೆ ಅಡ್ಡದ್ದು ಕೆಟ್ಟುಹೋಯಿತು! 7.5 ಇದ್ದದ್ದು 5.2ಕ್ಕೆ ಇಳಿಯಿತು. ಅಳತೆ 8.1. ಈಗ ಹತ್ತಿರ ಇದ್ದದ್ದೂ ದೂರ ಹೋಯಿತು.

ಅಳತೆಗೋಲು

ಅದು ಮೊದಲೂ ಸರಿ ಇರಲಿಲ್ಲ. ಎರಡು ತಪ್ಪು ಎದುರುಬದುರು ದಿಕ್ಕಿಗೆ ಎಳೆದು ಹತ್ತಿರದ ಸಂಖ್ಯೆ ಬಂದಿತ್ತು. ನಾರಿನ ಪಾಲು ಜಾಸ್ತಿ ಹಾಕಿದ್ದರಿಂದ ಉತ್ತರ ಮೇಲಕ್ಕೆ ಹೋಗಿತ್ತು. ಅಡ್ಡದ ಸೂತ್ರ ತಾನಾಗಿಯೇ ಕೆಳಗೆ ತೋರಿಸುತ್ತೆ. ಒಂದನ್ನು ಸರಿಮಾಡಿದ ಕೂಡಲೇ ಇನ್ನೊಂದು ಕಾಣಿಸಿತು.

ಯಾಕೆ ಕೆಳಗೆ ತೋರಿಸುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದಕ್ಕೆ ಎಳೆದಾಗ ನಾರು, ರೆಸಿನ್ ಎರಡೂ ಒಟ್ಟಿಗೆ ಅಂಟಿಕೊಂಡಿವೆ, ಎರಡೂ ಒಂದೇ ಅಷ್ಟು ಹಿಗ್ಗಲೇಬೇಕು. ನಾರು ದುಂಡಗಿದೆಯೋ ಚಪ್ಪಟೆಯೋ, ಒತ್ತಾಗಿದೆಯೋ ಬಿಡಿಬಿಡಿಯಾಗಿದೆಯೋ, ಏನೂ ವ್ಯತ್ಯಾಸ ಆಗಲ್ಲ. ಅದಕ್ಕೇ ಆ ಸೂತ್ರ ಗಟ್ಟಿ. ಅಡ್ಡಕ್ಕೆ ಎಳೆಯುವಾಗ ಸೂತ್ರ ಅಂದುಕೊಳ್ಳುವುದು ಏನಂದರೆ, ಗ್ಲಾಸಿನ ಒಂದು ಚಪ್ಪಡಿ, ಅದರ ಮೇಲೆ ರೆಸಿನ್‌ನ ಒಂದು ಚಪ್ಪಡಿ, ಹೀಗೆ ಒಂದರ ಮೇಲೊಂದು ಜೋಡಿಸಿದ್ದೇವೆ, ಎಳೆತ ಪ್ರತಿಯೊಂದನ್ನೂ ದಾಟಿಯೇ ಹೋಗಬೇಕು ಅಂತ. ನಿಮ್ಮ ಪಟ್ಟಿಯ ತುದಿಯನ್ನು ಉಜ್ಜಿ ನಯ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಅಲ್ಲಿ ಚಪ್ಪಡಿ ಕಾಣಲ್ಲ, ರಾಗಿ ಚೆಲ್ಲಿದ ಹಾಗೆ ದುಂಡು ಚುಕ್ಕಿಗಳು ಕಾಣುತ್ತವೆ. ಕೆಲವು ಕಡೆ ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ, ಕೆಲವು ಕಡೆ ಬರೀ ರೆಸಿನ್. ಎಳೆತ ಗಟ್ಟಿಯಾದ ದಾರಿ ಹುಡುಕಿಕೊಂಡು ನಾರಿನಿಂದ ನಾರಿಗೆ ಹೋಗುತ್ತೆ. ಜೊತೆಗೆ ನಡುವಿನ ರೆಸಿನ್ ನಾರಿನುದ್ದಕ್ಕೆ ಕುಗ್ಗುವ ಹಾಗಿಲ್ಲ, ನಾರು ಬಿಡಲ್ಲ, ಹಾಗಾಗಿ ಅದು ಒಂಟಿಯಾಗಿದ್ದಾಗಿನದಕ್ಕಿಂತ ಬಿಗಿಯಾಗಿ ವರ್ತಿಸುತ್ತೆ. ಇದೊಂದನ್ನೇ ಸೇರಿಸಿದರೂ 5.2 ಇದ್ದದ್ದು 5.9 ಆಗುತ್ತೆ. ಉಳಿದದ್ದು ದುಂಡು ನಾರಿನಿಂದ.

ಕೈಯಲ್ಲಿ ಹಾಕುವಂಥ ಲೆಕ್ಕ ಬೇಕಂದರೆ ಹಾಲ್ಪಿನ್-ತ್ಸಾಯ್ ಸೂತ್ರ ಬಳಸಿ. ಅಡ್ಡ ದಿಕ್ಕಿಗೆ ಅದರ ಗುಣಾಂಕ 2 ಅಂತ ಇಟ್ಟುಕೊಳ್ಳುವುದು ರೂಢಿ.

```
n  = (72/3.2 - 1) / (72/3.2 + 2) = 0.878
E2 = 3.2 * (1 + 2*n*0.40) / (1 - n*0.40) ≈ 8.4 GPa
```

ನಿಮ್ಮ 8.1ರ ಪಕ್ಕದಲ್ಲೇ ಇದೆ. ಆ 2 ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ, ಲೆಕ್ಕ ಹೊಂದಲಿ ಅಂತ ಆರಿಸಿದ್ದು. ಅದನ್ನು ನೆನಪಿಟ್ಟುಕೊಳ್ಳಿ.

ಹುಟ್ಟುಗೋಲು

ನನ್ನದೂ ಇದೇ ಕಥೆ ಸರ್, ಆದರೆ ಕಾರ್ಬನ್. ದೋಣಿಯ ಹುಟ್ಟಿಗೆ ಪಟ್ಟಿ ಮಾಡಿದೆ, ಗಾತ್ರದ ಪಾಲು 0.6 ಅಂತ ಸರಿಯಾಗಿಯೇ ಹಾಕಿದ್ದೇನೆ. ನಾರು 230 ಗಿಗಾಪಾಸ್ಕಲ್. ನೀವು ಕೊಟ್ಟ ಸೂತ್ರದಲ್ಲಿ ಅಡ್ಡಕ್ಕೆ 16 ಬರುತ್ತಿದೆ! ಎಲ್ಲಿ ನೋಡಿದರೂ 8, 9 ಅಂತ ಇರುತ್ತೆ. ಹಾಗಾದರೆ ಈ ಸೂತ್ರ ಗ್ಲಾಸ್‌ಗೆ ಮಾತ್ರವಾ? ಇನ್ನೊಂದು, ಅಡ್ಡಕ್ಕೆ ಎಷ್ಟು ಭಾರಕ್ಕೆ ಮುರಿಯುತ್ತೆ ಅಂತಾನೂ ಇದರಿಂದಲೇ ತೆಗೆಯಬಹುದಾ?

ಅಳತೆಗೋಲು

230 ಕಾರ್ಬನ್ ನಾರಿನ ಉದ್ದದ ಬಿಗಿತ. ಆ ನಾರಿನೊಳಗಿನ ಗ್ರಾಫೈಟ್ ಪದರಗಳು ಉದ್ದಕ್ಕೆ ಮಲಗಿರುತ್ತವೆ, ಹಾಗಾಗಿ ಅಡ್ಡಕ್ಕೆ ನಾರು ತುಂಬಾ ಮೆತ್ತಗೆ. ನೀವು ಹೇಳುವ ದರ್ಜೆಗೆ ಸುಮಾರು 15 ಹಾಕುತ್ತಾರೆ. ಅದೇ ಸೂತ್ರಕ್ಕೆ 15 ಕೊಡಿ, 8ರ ಹತ್ತಿರ ಬರುತ್ತೆ. ಗ್ಲಾಸ್ ಎಲ್ಲ ದಿಕ್ಕಿಗೂ ಒಂದೇ ಥರ, ಅದಕ್ಕೆ ಪಟ್ಟಿಗಾರರಿಗೆ ಈ ತೊಂದರೆ ಬರಲಿಲ್ಲ.

ಮುರಿಯುವುದಕ್ಕೆ ಬೇಡ. ಬಿಗಿತ ಅನ್ನೋದು ಪೂರ್ತಿ ಪಟ್ಟಿಯ ಸರಾಸರಿ. ಅಡ್ಡಕ್ಕೆ ಮುರಿತ ಶುರುವಾಗುವುದು ಎಲ್ಲಿ ನಾರಿನ ಅಂಟು ಬಿಡುತ್ತೋ ಆ ಒಂದು ಜಾಗದಿಂದ, ಸರಾಸರಿಗೆ ಅದು ಗೊತ್ತಾಗಲ್ಲ.

ರೆಸಿನ್_ಡಬ್ಬ

ತೂಕದ ಪಾಲಿನ ವಿಷಯ ಒಪ್ಪಿದೆ. ಆದರೂ 31 ಮತ್ತು 29.4 ನಡುವೆ ಇರೋದು ಗುಳ್ಳೆ ಅಲ್ವಾ?

ಅಳತೆಗೋಲು

ಅದನ್ನು ಇವರ ತೂಕದಿಂದಲೇ ಪರೀಕ್ಷೆ ಮಾಡಬಹುದು, ಒಳ್ಳೆಯ ಪ್ರಶ್ನೆ. 122.4 ಘನ ಸೆಂ.ಮೀ. ಸಾಮಾನು 600 ಚದರ ಸೆಂ.ಮೀ. ಹಾಳೆಯಲ್ಲಿ ಹರಡಿದೆ. ಒಂದು ಗುಳ್ಳೆಯೂ ಇಲ್ಲದಿದ್ದರೆ ಸರಾಸರಿ ದಪ್ಪ 2.04 ಮಿ.ಮೀ. ಆಗಬೇಕು. ಗುಳ್ಳೆ ಇದ್ದರೆ ಅದಕ್ಕಿಂತ ಜಾಸ್ತಿ. ಇವರು ಹೇಳಿದ್ದು 2, ಇನ್ನೂ ಕಮ್ಮಿ! ಪಟ್ಟಿಗಾರರೇ, ಯಾವುದರಲ್ಲಿ ಅಳೆದಿರಿ? ಬಾಗುವ ಲೆಕ್ಕದಲ್ಲಿ ದಪ್ಪ ಘನವಾಗಿ ಬರುತ್ತೆ, 2ರ ಬದಲು 1.9 ಅಂತ ಓದಿದರೆ ಉತ್ತರ ಶೇಕಡಾ 17 ಮೇಲೆ ಹೋಗುತ್ತೆ. ಮೈಕ್ರೋಮೀಟರ್‌ನಲ್ಲಿ ಐದು ಕಡೆ ನೋಡಿ ಹಾಕಿ.

ಪಟ್ಟಿಗಾರ

ಪ್ಲಾಸ್ಟಿಕ್ ಕ್ಯಾಲಿಪರ್‌ನಲ್ಲಿ ಒಂದೇ ಕಡೆ ಅಳೆದಿದ್ದೆ. ಇವತ್ತು ಮೈಕ್ರೋಮೀಟರ್ ಸಿಕ್ಕಿತು. ಉದ್ದದ ಪಟ್ಟಿ ಐದು ಕಡೆಯ ಸರಾಸರಿ 2.04. ಅಡ್ಡದ್ದು 2.02. ಹೊಸದಾಗಿ ಹಾಕಿದರೆ ಉದ್ದಕ್ಕೆ 27.7, ಅಡ್ಡಕ್ಕೆ 7.9. ತೂಕದಿಂದ ಬಂದ ದಪ್ಪಕ್ಕೆ ಇಷ್ಟು ಹೊಂದಿದ್ದು ನೋಡಿ ಖುಷಿಯಾಯಿತು, ಆದರೆ ಉದ್ದದ ಕೊರತೆ ಈಗ ಮತ್ತೆ ಜಾಸ್ತಿಯಾಯಿತು. 31 ಎಲ್ಲಿ, 27.7 ಎಲ್ಲಿ!

ಅಳತೆಗೋಲು

ಹಾಗಾದರೆ ಗುಳ್ಳೆ ದೊಡ್ಡ ಕಾರಣ ಅಲ್ಲ ಅಂತ ಅನ್ನಿಸುತ್ತೆ. ಬಟ್ಟೆಯನ್ನೇ ನೋಡಿ. ಒಂದೇ ದಿಕ್ಕಿನ ಬಟ್ಟೆ ಅಂದರೂ ಅದನ್ನು ಹಿಡಿದಿಡಲು ಅಡ್ಡಕ್ಕೆ ತೆಳು ಎಳೆಗಳಿರುತ್ತವೆ. ಅವು 300 ಗ್ರಾಂನಲ್ಲಿ ಸೇರಿವೆ, ಉದ್ದಕ್ಕೆ ಕೆಲಸ ಮಾಡಲ್ಲ. 10 ಸೆಂ.ಮೀ. ಚೌಕ ಕತ್ತರಿಸಿ ಆ ಎಳೆಗಳನ್ನು ಚಿಮುಟದಿಂದ ಬಿಡಿಸಿ ತೂಗಿ.

ಪಟ್ಟಿಗಾರ

ಒಂದು ಗಂಟೆ ಹಿಡಿಯಿತು. 3 ಗ್ರಾಂ ಚೌಕದಲ್ಲಿ ಅಡ್ಡ ಎಳೆ 0.2 ಗ್ರಾಂ. ಅವೂ ಗ್ಲಾಸೇ. ಅಂದರೆ ಸುಮಾರು ಶೇಕಡಾ 7. ಉದ್ದಕ್ಕೆ ನಿಜವಾಗಿ ಕೆಲಸ ಮಾಡೋದು 0.375 ಮಾತ್ರ. ಅದನ್ನು ಹಾಕಿದರೆ 29. ನನ್ನ ಅಳತೆ 27.7.

ಅಳತೆಗೋಲು

ತುಂಬಾ ಚೆನ್ನಾಗಿ ಮಾಡಿದ್ದೀರಿ. ಉಳಿದಿದ್ದು ಶೇಕಡಾ 4 ಅಥವಾ 5. ಪಟ್ಟಿ ನಾರಿಗೆ ಐದು ಡಿಗ್ರಿ ವಾರೆಯಾಗಿ ಕತ್ತರಿಸಿದ್ದರೂ ಅಷ್ಟೇ ಬೀಳುತ್ತೆ. ಅಡ್ಡ ಎಳೆಗಳ ಮೇಲೆ ಹಾಯುವಲ್ಲಿ ನಾರು ಸಣ್ಣಗೆ ಏರಿಳಿದರೂ ಬೀಳುತ್ತೆ. ಎರಡರಲ್ಲಿ ಯಾವುದು ಅಂತ ಇಲ್ಲಿಂದ ಹೇಳಲು ಆಗಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದರೆ ನಾರಿನ ಗೆರೆ ಕಾಣುತ್ತಾ? ಅಂಚಿಗೆ ಸರಿಯಾಗಿ ಹೋಗುತ್ತಿದೆಯಾ, 120 ಮಿ.ಮೀ.ಗೆ ಎಷ್ಟು ಸರಿದಿದೆ ಅಂತ ಸ್ಕೇಲ್ ಇಟ್ಟು ನೋಡಿ. ಹತ್ತು ಮಿ.ಮೀ. ಸರಿದಿದ್ದರೆ ಅದು ಐದು ಡಿಗ್ರಿ.

ಪಟ್ಟಿಗಾರ

ನೋಡಿದೆ. ನಾಲ್ಕು ಮಿ.ಮೀ. ಸರಿದಿದೆ, ಎರಡು ಡಿಗ್ರಿಯಷ್ಟೇ. ಅದರಿಂದ ಪೂರ್ತಿ ಬರಲ್ಲ ಅನ್ನಿಸುತ್ತೆ. ಹಾಳೆ ಇನ್ನೂ ಅರ್ಧ ಉಳಿದಿದೆ. ಭಾನುವಾರ ಗೆರೆ ನೋಡಿಕೊಂಡು ಇನ್ನೊಂದು ಪಟ್ಟಿ ಕತ್ತರಿಸಿ, ಬಾಗಿದ ಸಂಖ್ಯೆ ಇಲ್ಲೇ ಹಾಕುತ್ತೇನೆ.