ನಡಿಗೆಗೆ 8 ಚಿತ್ರ ಬರೆದೆ, ರೆಂಡರ್ ಆದಮೇಲೆ ಹುಡುಗಿ ಕುಂಟುತ್ತಾಳೆ

ಮಿಣುಕುಚುಕ್ಕಿ: ಒಂದೂವರೆ ನಿಮಿಷದ ಗೇಮ್ ಥರದ ಕಿರುಚಿತ್ರ. 320×180 ಕ್ಯಾನ್ವಾಸ್, 16 ಬಣ್ಣ, 24 ಎಫ್‌ಪಿಎಸ್. ಹುಡುಗಿ 32 ಪಿಕ್ಸೆಲ್ ಎತ್ತರ, ನಡಿಗೆಗೆ 8 ಚಿತ್ರ. ಏಸ್‌ಪ್ರೈಟ್‌ನಲ್ಲಿ ಪ್ಲೇ ಮಾಡಿದರೆ ಚೆನ್ನಾಗಿ ನಡೆಯುತ್ತಾಳೆ. ಜಿಫ್ ಮಾಡಿ ಎಡಿಟರ್‌ಗೆ ಹಾಕಿದ ಮೇಲೆ ಕುಂಟುತ್ತಾಳೆ. ಯಾಕೆ?

ಗೆರೆಗಾರ: 8 ಚಿತ್ರ ಸಾಲದು. 12 ಮಾಡಿ, ನುಣುಪಾಗುತ್ತದೆ.

ಹದಿನಾರಾಣೆ: ನನಗೂ ಹೀಗೇ ಆಗಿತ್ತು! ಜಿಫ್ ಮಾಡುವಾಗ ಒಂದೊಂದು ಫ್ರೇಮ್‌ಗೂ ಬೇರೆ ಬೇರೆ ಪ್ಯಾಲೆಟ್ ಕೂತಿತ್ತು, ಕೆನ್ನೆಯ ನೆರಳು ಪಟಪಟ ಮಿನುಗುತ್ತಿತ್ತು. ಇಂಡೆಕ್ಸ್ಡ್ ಮೋಡ್‌ಗೆ ಹೋಗಿ ಇಡೀ ಚಿತ್ರಕ್ಕೆ ಒಂದೇ ಪ್ಯಾಲೆಟ್ ಕೊಟ್ಟೆ, ನಿಂತಿತು.

ಮಿಣುಕುಚುಕ್ಕಿ: ಬಣ್ಣ ಸರಿಯಾಗಿದೆ ಮಾರಾಯ್ರೇ, ಕಾಲಿನದೇ ತೊಂದರೆ.

ರಾತ್ರಿಪಾಳಿ: ಪ್ರತಿ ಚಿತ್ರಕ್ಕೂ ಎಷ್ಟು ಮಿಲಿಸೆಕೆಂಡ್ ಇಟ್ಟಿದ್ದೀರಿ? ಮುಟ್ಟದೇ ಇದ್ದರೆ 100 ಇರುತ್ತದೆ.

ಮಿಣುಕುಚುಕ್ಕಿ: ಹೌದು, 100. ಅದನ್ನು ಮುಟ್ಟಿಯೇ ಇಲ್ಲ.

ರಾತ್ರಿಪಾಳಿ: ಹಾಗಾದರೆ ಕುಂಟುವುದು ಅಲ್ಲಿಂದಲೇ. 24 ಎಫ್‌ಪಿಎಸ್‌ನಲ್ಲಿ 100 ಮಿಲಿಸೆಕೆಂಡ್ ಅಂದರೆ 2.4 ಫ್ರೇಮ್. ಅರ್ಧಂಬರ್ಧ ಫ್ರೇಮ್ ತೋರಿಸಲು ಆಗುವುದಿಲ್ಲ ಅಲ್ವಾ, ಅದಕ್ಕೆ ಎಡಿಟರ್ ಒಂದು ಚಿತ್ರವನ್ನು 3 ಫ್ರೇಮ್ ಹಿಡಿಯುತ್ತದೆ, ಮುಂದಿನದನ್ನು 2, ಆಮೇಲೆ 3, 2, 2. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಒಂದು ಸುತ್ತಿಗೆ 19.2 ಫ್ರೇಮ್ ಬೇಕಾಗುವುದರಿಂದ ಪ್ರತಿ ಸುತ್ತಲ್ಲೂ ಕುಂಟುವ ಕಾಲೇ ಬದಲಾಗುತ್ತದೆ. ಟೈಮ್‌ಲೈನ್‌ನಲ್ಲಿ ಬಾಣದ ಕೀಲಿ ಒತ್ತುತ್ತಾ ಎಣಿಸಿ, ಸಿಗುತ್ತದೆ.

12 ಚಿತ್ರ ಬರೆದರೂ ಇದು ಹೋಗುವುದಿಲ್ಲ. ಅದೇ 2.4, ಜೊತೆಗೆ ನಡಿಗೆ ನಿಧಾನ ಆಗುತ್ತದೆ. 125 ಮಿಲಿಸೆಕೆಂಡ್ ಇಡಿ, ಸರಿಯಾಗಿ 3 ಫ್ರೇಮ್. 8 ಚಿತ್ರಕ್ಕೆ 24, ಅಂದರೆ ಒಂದು ಸೆಕೆಂಡಿಗೆ ಎರಡು ಹೆಜ್ಜೆ. ಜಿಫ್ ಮಾತ್ರ ಬಿಡಿ. ಅದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಓಡುತ್ತದೆ, 125 ಅದಕ್ಕೆ ಹಿಡಿಸುವುದಿಲ್ಲ. ಬಿಡಿ ಬಿಡಿ ಪಿಎನ್‌ಜಿ ತೆಗೆದು, ಎಡಿಟರ್‌ನಲ್ಲೇ ಒಂದೊಂದನ್ನೂ 3 ಫ್ರೇಮ್ ಹಿಡಿದಿಡಿ.

ಗೆರೆಗಾರ: ಅಷ್ಟೆಲ್ಲ ಯಾಕೆ? ಸಿನಿಮಾವನ್ನೇ 30 ಎಫ್‌ಪಿಎಸ್ ಮಾಡಿದರೆ 100 ಮಿಲಿಸೆಕೆಂಡ್ ಸರಿಯಾಗಿ 3 ಫ್ರೇಮ್.

ರಾತ್ರಿಪಾಳಿ: ಅದು ನಿಜ, ಒಪ್ಪುತ್ತೇನೆ. ಇನ್ನೂ ಬೇರೇನೂ 24ಕ್ಕೆ ಜೋಡಿಸಿಲ್ಲ ಅಂದರೆ ಅದೇ ಸುಲಭ.

ಮಿಣುಕುಚುಕ್ಕಿ: ಮಳೆ, ಬಾಗಿಲು ಎಲ್ಲ 24ರಲ್ಲೇ ಮುಗಿದಿವೆ. 125 ಮಾಡಿದೆ, ಕುಂಟು ಹೋಯಿತು! ಆದರೆ ಈಗ ಪಾದ ನೆಲದ ಮೇಲೆ ನಡುಗುತ್ತಿದೆ. ಸೆಕೆಂಡಿಗೆ 24 ಪಿಕ್ಸೆಲ್ ಮುಂದೆ ಹೋಗಬೇಕು ಅಂತ ಕೀಫ್ರೇಮ್ ಹಾಕಿದ್ದೇನೆ, ಫ್ರೇಮಿಗೆ ಒಂದು ಪಿಕ್ಸೆಲ್.

ರಾತ್ರಿಪಾಳಿ: ನಿಮ್ಮ ಶೀಟ್‌ನಲ್ಲಿ ಊರಿದ ಪಾದ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಹಿಂದೆ ಹೋಗುತ್ತದೆ?

ಮಿಣುಕುಚುಕ್ಕಿ: 3 ಪಿಕ್ಸೆಲ್.

ರಾತ್ರಿಪಾಳಿ: ನೋಡಿ, ಒಟ್ಟು ಲೆಕ್ಕ ಸರಿ ಇದೆ, ಹಂಚಿದ್ದು ಮಾತ್ರ ತಪ್ಪು. ಒಂದೇ ಚಿತ್ರ 3 ಫ್ರೇಮ್ ನಿಂತಿರುವಾಗ ನೀವು ಇಡೀ ಹುಡುಗಿಯನ್ನು ತಳ್ಳುತ್ತಿದ್ದೀರಿ. ಊರಿದ ಪಾದವೂ ಎರಡು ಪಿಕ್ಸೆಲ್ ಮುಂದೆ ಜಾರುತ್ತದೆ, ಚಿತ್ರ ಬದಲಾದ ತಕ್ಷಣ ಹಿಂದಿನ ಜಾಗಕ್ಕೆ ಎಗರುತ್ತದೆ. ಅದೇ ನಡುಕ. ಚಿತ್ರ ಬದಲಾಗುವ ಫ್ರೇಮ್‌ನಲ್ಲಿ ಮಾತ್ರ ಒಮ್ಮೆಗೇ 3 ಪಿಕ್ಸೆಲ್ ಸರಿಸಿ, ಉಳಿದ ಎರಡರಲ್ಲಿ ಸುಮ್ನೆ ಬಿಡಿ. ಕೀಫ್ರೇಮ್ ಎಲ್ಲ ಹೋಲ್ಡ್ ಇರಲಿ. ಪಾದದ ಕೆಳಗೆ ನೆಲದ ಮೇಲೆ ಒಂದು ಕೆಂಪು ಚುಕ್ಕಿ ಇಟ್ಟು ನೋಡಿ, ಆ ಪಾದ ಏಳುವ ತನಕ ಚುಕ್ಕಿಯ ಮೇಲೇ ಇರಬೇಕು.

ಅವಳು ನಿಲ್ಲುವ ಕಡೆ ಈಸ್ ಹಾಕಿದ್ದರೆ ತೆಗೆಯಿರಿ. ಅದು ಅವಳನ್ನು 1.4 ಪಿಕ್ಸೆಲ್ಲಿನಂಥ ಜಾಗದಲ್ಲಿ ಕೂರಿಸುತ್ತದೆ, ಅಂಚು ಮಸುಕಾಗುತ್ತದೆ. ಒಂದು ಸ್ಟಿಲ್ ತೆಗೆದು ಬಣ್ಣ ಎಣಿಸಿ. 16ಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಕಲಸುತ್ತಿದೆ.

ಹದಿನಾರಾಣೆ: ಎಣಿಸುವ ಮಾತು ಬಂತು ಅಂತ ನನ್ನದನ್ನೂ ಈಗ ಎಣಿಸಿದೆ. ನೂರಕ್ಕೂ ಜಾಸ್ತಿ! 1920×1080ಗೆ ಹಿಗ್ಗಿಸುವಾಗ ನಿಯರೆಸ್ಟ್ ನೇಬರ್ ಆರಿಸಿರಲಿಲ್ಲ. ಆರು ಪಟ್ಟು ಅಂತ ಸರಿಯಾಗಿಯೇ ಹಿಗ್ಗಿಸಿದ್ದೆ, ಆದರೂ ಕಲಸಿಬಿಟ್ಟಿದೆ.

ಓರೆಕಣ್ಣು: ಕ್ಯಾಮೆರಾ ಅವಳ ಹಿಂದೆ ಹೋಗುವ ಶಾಟ್‌ನಲ್ಲಿ ರಾತ್ರಿಪಾಳಿಯವರ ಉಪಾಯ ಕೈ ಕೊಡುತ್ತದೆ. ಹುಡುಗಿ ನಡುವೆ ನಿಂತಿರುತ್ತಾಳೆ, ಇಡೀ ಹಿನ್ನೆಲೆ ಮೂರು ಫ್ರೇಮ್‌ಗೊಮ್ಮೆ 3 ಪಿಕ್ಸೆಲ್ ಎಗರುತ್ತದೆ. ಆರು ಪಟ್ಟು ಹಿಗ್ಗಿಸಿದ ಪರದೆಯ ಮೇಲೆ ಅದು 18. ಕಣ್ಣಿಗೆ ಚುಚ್ಚುತ್ತದೆ. ಅಲ್ಲಿ ಹಿನ್ನೆಲೆಯನ್ನು ಫ್ರೇಮಿಗೆ ಒಂದರಂತೆ ಬಿಟ್ಟು, ಪಾದ ಜಾರಿದರೆ ಜಾರಲಿ ಅನ್ನುವವನು ನಾನು.

ರಾತ್ರಿಪಾಳಿ: ದೂರದ ಬೆಟ್ಟ, ಮೋಡ ಹಾಗೆ ಹೋಗಲಿ, ತಕರಾರಿಲ್ಲ. ಕಾಲಡಿಯ ನೆಲ ಮಾತ್ರ ಅವಳ ಚಿತ್ರದ ಜೊತೆಗೇ ಸರಿಯಬೇಕು.

ಓರೆಕಣ್ಣು: ಆಗ ನೆಲ ಒಂದು ತಾಳ, ಬೆಟ್ಟ ಒಂದು ತಾಳ. ನನಗೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಮಿಣುಕುಚುಕ್ಕಿ: ಕೆಂಪು ಚುಕ್ಕಿ ಇಟ್ಟೆ, ಪಾದ ಅಲ್ಲಾಡುತ್ತಿಲ್ಲ. ಕ್ಯಾಮೆರಾ ಹೋಗುವ ಶಾಟ್ ಇರುವುದು ಒಂದೇ. ಅದನ್ನು ಎರಡೂ ಥರ ರೆಂಡರ್‌ಗೆ ಹಾಕಿದ್ದೇನೆ.

ಗೆರೆಗಾರ: 12 ಚಿತ್ರ, ಒಂದೊಂದಕ್ಕೆ 2 ಫ್ರೇಮ್ ಆಗಿದ್ದರೆ ಹಿನ್ನೆಲೆಯ ಎಗರು ಎರಡೇ ಪಿಕ್ಸೆಲ್ ಆಗುತ್ತಿತ್ತು. ಸುಮ್ನೆ ಹೇಳಿದೆ.